ನಮ್ಮ ಶಾಲೆಯ ನಾಲ್ಕು ತಂಡಗಳಿಗೆ ಹೆಸರು ಬೇಕು: ಹಕ್ಕಿಯೋ, ಬಣ್ಣವೋ, ಗುಣವೋ?

ಮಲೆನಾಡ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು ನಾನು. ಒಂದರಿಂದ ಏಳನೇ ತರಗತಿವರೆಗೆ ಒಟ್ಟು 86 ಮಕ್ಕಳು. ಈ ವರ್ಷ ಮಕ್ಕಳನ್ನು ನಾಲ್ಕು ಮನೆಗಳಾಗಿ ಹಂಚಬೇಕು ಅಂತ ತೀರ್ಮಾನ ಮಾಡಿದ್ದೇವೆ, ತಲಾ 21 ಅಥವಾ 22 ಮಕ್ಕಳು ಬರುತ್ತಾರೆ. ಆಟ, ಪ್ರತಿಭಾ ಕಾರಂಜಿಯ ತಯಾರಿ, ಕೈತೋಟಕ್ಕೆ ನೀರು ಹಾಕುವುದು, ಬಿಸಿಯೂಟದ ಸಾಲು, ಎಲ್ಲವೂ ಇದರ ಮೇಲೆಯೇ ನಡೆಯುತ್ತದೆ.

ಹೆಸರೇ ಸಿಗುತ್ತಿಲ್ಲ. ಒಬ್ಬ ಮೇಡಂ ಸತ್ಯ, ಶಾಂತಿ, ಪ್ರೀತಿ, ಶೌರ್ಯ ಅಂತ ಇಡೋಣ ಅನ್ನುತ್ತಾರೆ. ಇನ್ನೊಬ್ಬರು ಸುಮ್ನೆ ಕೆಂಪು, ಹಸಿರು, ಹಳದಿ, ನೀಲಿ ಸಾಕು ಅನ್ನುತ್ತಾರೆ. ನನಗೆ ಹಕ್ಕಿಗಳ ಹೆಸರು ಇಷ್ಟ. ಒಂದನೇ ತರಗತಿಯ ಮಗುವಿಗೂ ನೆನಪಿರಬೇಕು, ಮೈದಾನದಲ್ಲಿ ಕೂಗುವುದಕ್ಕೂ ಆಗಬೇಕು. ಈ ಕೆಲಸ ಮಾಡಿ ನೋಡಿದವರು ದಯವಿಟ್ಟು ಹೇಳಿ.

ಹೊಸಮನೆ_ಗದಗ

ಮೇಷ್ಟ್ರೇ, ನಾವೂ ಈಗ ಮನೆ ಕಟ್ಟಿಸ್ತಾ ಇದ್ದೀವಿ, ಹೆಸರಿನದೇ ತಲೆಬಿಸಿ. ನನ್ನ ಪ್ರಕಾರ ಮನೆಗೆ ಹಕ್ಕಿ ಹೆಸರು ಅಷ್ಟು ಚೆಂದ ಅನ್ನಿಸೋದಿಲ್ಲ, ಹಕ್ಕಿ ಗೂಡು ಬಿಟ್ಟು ಹಾರಿ ಹೋಗುತ್ತದೆ. ತಂದೆ ತಾಯಿ ಹೆಸರು ಸೇರಿಸಿ "ನಿಲಯ" ಅಂತ ಇಡಿ. ನಾಲ್ಕು ಮನೆ ಅಂದರೆ ಅಣ್ಣತಮ್ಮಂದಿರದಾ?

ಮಲೆನಾಡ_ಮೇಷ್ಟ್ರು

ಅಲ್ಲ ಸರ್, ಶಾಲೆಯ ಹೌಸ್ ವಿಷಯ ಇದು. "ಮನೆ" ಅಂತ ಬರೆದು ನಾನೇ ಗೊಂದಲ ಮಾಡಿದೆ. ಇನ್ನು ಮುಂದೆ ತಂಡ ಅಂತಲೇ ಬರೆಯುತ್ತೇನೆ. ನಿಮ್ಮ ಹೊಸ ಮನೆಗೆ ಶುಭವಾಗಲಿ.

ಪೀಟಿ_ಸರ್

ನಾನು ದೈಹಿಕ ಶಿಕ್ಷಕ, 19 ವರ್ಷದಿಂದ ಮೈದಾನದಲ್ಲಿ ಸೀಟಿ ಊದುತ್ತಿದ್ದೇನೆ. ಗುಣಗಳ ಹೆಸರು ಬೇಡ ಅಂತ ಮೊದಲೇ ಹೇಳಿಬಿಡುತ್ತೇನೆ.

ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ ಸತ್ಯ, ಶಾಂತಿ, ಧರ್ಮ, ಪ್ರೀತಿ ಅಂತಲೇ ಇತ್ತು. ಹಗ್ಗಜಗ್ಗಾಟ ಮುಗಿದ ಮೇಲೆ ಮೈಕಿನಲ್ಲಿ ಫಲಿತಾಂಶ ಹೇಳಬೇಕಲ್ಲ, "ಸತ್ಯ ಸೋತಿತು, ಧರ್ಮಕ್ಕೆ ಕೊನೆಯ ಸ್ಥಾನ" ಅಂತ ಹೇಳುವಾಗ ನನ್ನ ಬಾಯಿಯೇ ತಡೆಯುತ್ತಿತ್ತು. ಎದುರು ಕೂತ ಊರ ಹಿರಿಯರಿಗೂ ಇಷ್ಟವಾಗುತ್ತಿರಲಿಲ್ಲ. ಸೋಲು ಆಟದ ಒಂದು ಭಾಗ, ನಾಲ್ಕರಲ್ಲಿ ಒಂದು ತಂಡ ಪ್ರತಿ ಸಲ ಕೊನೆಗೆ ಬಂದೇ ಬರುತ್ತದೆ. ಹಾಗಾಗಿ ಸೋತರೂ ಹೇಳುವುದಕ್ಕೆ ಮುಜುಗರ ಆಗದ ಹೆಸರು ಇರಬೇಕು. "ಗಿಳಿ ಸೋತಿತು" ಅಂದರೆ ಯಾರಿಗೂ ಏನೂ ಅನ್ನಿಸುವುದಿಲ್ಲ.

ಇನ್ನೊಂದು ತೊಂದರೆ ನಾವು ಮೊದಲು ಯೋಚನೆಯನ್ನೇ ಮಾಡಿರಲಿಲ್ಲ. ಶಾಂತಿ, ಪ್ರೀತಿ, ಸತ್ಯ ಅನ್ನುವುದೆಲ್ಲ ಮಕ್ಕಳ ಹೆಸರೂ ಹೌದು. ಆ ಶಾಲೆಯಲ್ಲಿ ಐದನೇ ತರಗತಿಯಲ್ಲಿ ಪ್ರೀತಿ ಅನ್ನುವ ಹುಡುಗಿ ಇದ್ದಳು, ಅವಳು ಇದ್ದದ್ದು ಶಾಂತಿ ತಂಡದಲ್ಲಿ. ಇಡೀ ಮೈದಾನ "ಪ್ರೀತಿಗೆ ಸೋಲು" ಅಂತ ಕೂಗುವಾಗ ಆ ಮಗುವಿನ ಮುಖ ನೋಡಲು ಆಗುತ್ತಿರಲಿಲ್ಲ. ಹಾಜರಿ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಹೆಸರು ಆರಿಸಿ ಮೇಷ್ಟ್ರೇ.

ಶಾರದಾ_ಟೀಚರ್

ಪೀಟಿ ಸರ್ ಹೇಳಿದ್ದು ಒಪ್ಪುತ್ತೇನೆ, ಇನ್ನೊಂದು ಮಾತು ಸೇರಿಸುತ್ತೇನೆ. ಮಗು "ನಾನು..." ಅಂತ ಹೇಳಿ ಆ ಹೆಸರು ಸೇರಿಸುವ ಹಾಗೆ ಇರಬೇಕು. "ನಾನು ನವಿಲು" ಅಂತ ಎರಡನೇ ತರಗತಿ ಮಗು ಎದೆಯುಬ್ಬಿಸಿ ಹೇಳುತ್ತದೆ. "ನಾನು ಪ್ರಾಮಾಣಿಕತೆ" ಅಂತ ಯಾವ ಮಗುವೂ ಹೇಳುವುದಿಲ್ಲ. ಗುಣಗಳನ್ನು ಕಲಿಸಬಾರದು ಅಂತ ಅಲ್ಲ. ತಂಡದ ಹೆಸರಾಗಿ ಅವು ಬಾಯಿಗೆ ಕೂರುವುದಿಲ್ಲ ಅಷ್ಟೇ.

ನಾನಾದರೆ ನವಿಲು, ಗಿಳಿ, ಕೋಗಿಲೆ, ಪಾರಿವಾಳ ಅಂತ ಇಡುತ್ತಿದ್ದೆ. ಒಂದನೇ ತರಗತಿಯವರಿಗೆ ಮೊದಲೇ ಗೊತ್ತಿರುವ ಹಕ್ಕಿಗಳು, ಹೊಸದಾಗಿ ಕಲಿಸುವ ಕೆಲಸ ಇಲ್ಲ.

ರವಿ_ಮಂಡ್ಯ

ಇಷ್ಟೆಲ್ಲ ಯಾಕೆ? ಕೂಗುವುದಕ್ಕೆ ಎರಡಕ್ಷರ ಇದ್ದರೆ ಮಾತ್ರ ಸರಿ, ಮೂರಕ್ಷರ ದಾಟಿದರೆ ಮಕ್ಕಳಿಗೆ ಆಗುವುದೇ ಇಲ್ಲ. ಗಿಳಿ, ಗುಬ್ಬಿ, ಹದ್ದು, ಹಂಸ. ಮುಗೀತು. ಪಾರಿವಾಳ ಅಂತ ಕೂಗಿ ನೋಡಿ, ಮುಗಿಯುವಷ್ಟರಲ್ಲಿ ಓಟವೇ ಮುಗಿದಿರುತ್ತದೆ.

ಪದ_ಕಟ್ಟುವವ

ರವಿಯವರೇ, ಅರ್ಧ ಸರಿ ಹೇಳಿದ್ರಿ. ಉದ್ದ ಜಾಸ್ತಿ ಆದರೆ ಕಷ್ಟ, ಅದು ನಿಜ. ಆದರೆ ಅಕ್ಷರ ಎಣಿಸಿದರೆ ಗೊತ್ತಾಗುವುದಿಲ್ಲ, ಚಪ್ಪಾಳೆ ತಟ್ಟಿಕೊಂಡು ಹೇಳಿ ನೋಡಬೇಕು. ನಾನು ಮಕ್ಕಳ ರಂಗಶಿಬಿರಗಳಿಗೆ ಹಾಡು ಕಟ್ಟಿಕೊಡುತ್ತೇನೆ, ಅಲ್ಲಿ ಕಂಡದ್ದು ಹೇಳುತ್ತೇನೆ.

"ಗಿಳಿ" ಎರಡೇ ಅಕ್ಷರ, ಎರಡೂ ಗಿಡ್ಡ. ಗಿಳಿ ಗಿಳಿ ಗಿಳಿ ಅಂತ ಇಪ್ಪತ್ತು ಮಕ್ಕಳು ಒಟ್ಟಿಗೆ ಕೂಗಿದರೆ ದೂರಕ್ಕೆ ಬರೀ ಗಿಜಿಗಿಜಿ ಅಂತ ಕೇಳುತ್ತದೆ. ಉಸಿರು ನಿಲ್ಲಿಸಿ ಒತ್ತುವುದಕ್ಕೆ ಅದರಲ್ಲಿ ಜಾಗವೇ ಇಲ್ಲ. "ನವಿಲು" ಕೂಡ ಹಾಗೆಯೇ, ಮೂರೂ ಗಿಡ್ಡ, ಮೇಲಾಗಿ ಕೊನೆಯ "ಲು" ನುಂಗಿ ಹೋಗಿ "ನವಿಲ್" ಆಗುತ್ತದೆ. "ಮಿಂಚುಳ್ಳಿ" ಅಂತ ಹೇಳಿ ನೋಡಿ. ಮಿಂ-ಚುಳ್-ಳಿ. ಎರಡು ಕಡೆ ಒತ್ತು ಬೀಳುತ್ತದೆ, ಆ ಎರಡು ಒತ್ತಿಗೆ ಎರಡು ಚಪ್ಪಾಳೆ, ಕೊನೆಗೆ "ಳಿ" ಅಂತ ಎಷ್ಟು ಬೇಕಾದರೂ ಎಳೆಯಬಹುದು. ಬರೆದರೆ ಉದ್ದ ಕಾಣುತ್ತದೆ, ಕೂಗಿದರೆ ಗಿಳಿಗಿಂತ ಸುಲಭ.

ನಾನು ನೋಡುವ ಇನ್ನೊಂದು ಗುಣ ಅಂದರೆ ಹೆಸರು ಮುರಿಯುವುದಕ್ಕೆ ಬರಬೇಕು. ಮಿಂಚುಳ್ಳಿಯಲ್ಲಿ "ಮಿಂಚು" ಒಳಗೇ ಇದೆ. ಮಿಂಚು ಮಿಂಚು ಮಿಂಚುಳ್ಳಿ! ಅರ್ಧ ಹೆಸರನ್ನು ಎರಡು ಸಲ ಹೇಳಿ ಆಮೇಲೆ ಪೂರ್ತಿ ಹೆಸರು ಹೇಳಿದರೆ ಕೂಗು ತಾನಾಗಿಯೇ ಆಯಿತು, ಯಾರೂ ಕಲಿಸಬೇಕಾಗಿಲ್ಲ. ಪಾರಿವಾಳದಲ್ಲಿ ಇದು ಬರುವುದಿಲ್ಲ. ಪಾರಿ ಪಾರಿ ಅಂದರೆ ಏನೂ ಆಗುವುದಿಲ್ಲ.

ಹಕ್ಕಿನೋಟ_ಸಾಗರ

ಮೇಷ್ಟ್ರೇ, ನಿಮ್ಮ ಶಾಲೆ ಇರುವ ಜಾಗವೇ ಹಕ್ಕಿಗಳ ಊರು. ನವಿಲು, ಗಿಳಿ, ಹಂಸ ಎಲ್ಲ ಶಾಲೆಯ ಗೋಡೆಗಳ ಮೇಲೂ ಇವೆ. ಹಂಸವನ್ನಂತೂ ನಮ್ಮ ಮಕ್ಕಳು ಚಿತ್ರದಲ್ಲಿ ಬಿಟ್ಟು ಎಲ್ಲೂ ನೋಡಿಲ್ಲ. ಶಾಲೆಯ ಕಿಟಕಿಯಿಂದ ಕಾಣುವ, ಇಲ್ಲವೇ ಕೇಳುವ ಹಕ್ಕಿಗಳನ್ನೇ ಇಡಿ. ಆಗ ಹೆಸರನ್ನು ಮಗುವಿಗೆ ದಿನಾ ಹಕ್ಕಿಯೇ ನೆನಪು ಮಾಡಿಕೊಡುತ್ತದೆ.

ಬಣ್ಣಕ್ಕೆ ತಕ್ಕ ಹಾಗೆ ನನ್ನ ಪಟ್ಟಿ: ನೀಲಿಗೆ ಮಿಂಚುಳ್ಳಿ, ಹಳದಿಗೆ ಹೊನ್ನಕ್ಕಿ, ಬಿಳಿಗೆ ಬೆಳ್ಳಕ್ಕಿ, ಕಪ್ಪಿಗೆ ಕಾಜಾಣ. ನಾಲ್ಕೂ ಮೂರಕ್ಷರ, ನಾಲ್ಕೂ ಒಂದೇ ತಾಳ, ಪದ ಕಟ್ಟುವವರಿಗೂ ಖುಷಿಯಾಗಬೇಕು. ಹೊನ್ನಕ್ಕಿಯಲ್ಲಿ ನಿಮ್ಮ ಕಡೆ ಕರಿತಲೆಯದು ವರ್ಷವಿಡೀ ಇರುತ್ತದೆ. ಕಾಜಾಣ ತನಗಿಂತ ದೊಡ್ಡ ಹದ್ದನ್ನೂ ಗೂಡಿನ ಹತ್ತಿರ ಬರಲು ಬಿಡದೆ ಅಟ್ಟುತ್ತದೆ, ಮಕ್ಕಳಿಗೆ ಹೇಳುವುದಕ್ಕೆ ಒಳ್ಳೆಯ ಕತೆ.

ಕೊಪ್ಪದ_ಅಮ್ಮ

ಹಕ್ಕಿನೋಟ ಅಣ್ಣ, ಪಟ್ಟಿ ಚೆಂದ ಇದೆ, ಆದರೆ ಕಪ್ಪು ಬೇಡ. ನನ್ನ ಮಗಳು ಸ್ವಲ್ಪ ಕಪ್ಪು ಬಣ್ಣ. ಅವಳ ಶಾಲೆಯಲ್ಲಿ ನಾಟಕಕ್ಕೆ ಕಾಗೆ ಪಾತ್ರ ಕೊಟ್ಟರು, ಪಾತ್ರ ಮುಗಿದು ಎರಡು ವರ್ಷ ಆದರೂ ಕೆಲವರು ಅದೇ ಹೆಸರಿನಿಂದ ಕರೆಯುತ್ತಾರೆ. ಕಾಜಾಣ ಎಷ್ಟೇ ಧೈರ್ಯದ ಹಕ್ಕಿ ಇರಲಿ, ಯಾವ ಮಗು ಕಪ್ಪು ತಂಡಕ್ಕೆ ಬಿತ್ತು ಅಂತ ಉಳಿದ ಮಕ್ಕಳು ನೋಡಿಯೇ ನೋಡುತ್ತಾರೆ. ಚೀಟಿ ಎತ್ತಿ ಹಂಚಿದರೂ ಅಷ್ಟೇ.

ಹಕ್ಕಿನೋಟ_ಸಾಗರ

ಅಕ್ಕ, ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ನೀವು ಹೇಳಿದ್ದು ಸರಿ. ಕಾಜಾಣ ಬಿಡೋಣ.

ಶಾರದಾ_ಟೀಚರ್

ಹಾಗೆ ನೋಡಿದರೆ ಪ್ರತಿ ಹಕ್ಕಿಗೂ ಒಂದು ಗಾದೆ ಪರೀಕ್ಷೆ ಮಾಡಬೇಕು. ನಮ್ಮ ಮಾತಿನಲ್ಲಿ ಹಕ್ಕಿಗಳ ಮೇಲೆ ಎಷ್ಟೊಂದು ನುಡಿಗಟ್ಟು ಇವೆ ಅಲ್ವಾ. ಗೂಬೆ ಅಂದರೆ "ಗೂಬೆ ಕೂರಿಸಿದರು" ಅಂತಾರೆ. ಕಾಗೆ ಅಂದರೆ "ಕಾಗೆ ಹಾರಿಸಬೇಡ". ಗಿಳಿ ನನ್ನದೇ ಪಟ್ಟಿಯಲ್ಲಿತ್ತು, ಆದರೆ ಅರ್ಥ ಮಾಡಿಕೊಳ್ಳದೆ ಒಪ್ಪಿಸುವುದಕ್ಕೆ "ಗಿಳಿಪಾಠ" ಅಂತ ಮೇಷ್ಟ್ರುಗಳೇ ಬೈಯುತ್ತಾರೆ. ಕೆಂಪು ಬಣ್ಣಕ್ಕೆ ಕೆಂಬೂತ ಇಡೋಣ ಅಂತ ಯಾರಾದರೂ ಹೇಳುವ ಮೊದಲೇ ಹೇಳುತ್ತೇನೆ, ನವಿಲು ಕುಣಿಯಿತು ಅಂತ ಕೆಂಬೂತ ಕುಣಿದ ಗಾದೆ ಎಲ್ಲರಿಗೂ ಗೊತ್ತು. ಅದರಲ್ಲೂ ಒಂದು ತಂಡ ನವಿಲು, ಇನ್ನೊಂದು ಕೆಂಬೂತ ಆದರೆ ಮುಗಿದೇ ಹೋಯಿತು. ಬೆಳ್ಳಕ್ಕಿಗೂ ಕೊಕ್ಕರೆಗೂ "ಬಕಧ್ಯಾನ" ಅಂಟಿಕೊಂಡಿದೆ, ಆದರೆ ಅದು ದೊಡ್ಡವರ ಮಾತು, ಮಕ್ಕಳು ಬಳಸುವುದಿಲ್ಲ.

ಮಿಂಚುಳ್ಳಿ, ಹೊನ್ನಕ್ಕಿ ಬಗ್ಗೆ ಕೆಟ್ಟ ಮಾತು ನಾನಂತೂ ಕೇಳಿಲ್ಲ.

ರವಿ_ಮಂಡ್ಯ

ಮಿಂಚುಳ್ಳಿಯ ಇಂಗ್ಲಿಷ್ ಹೆಸರು ಬಿಯರ್ ಬಾಟಲಿಯ ಮೇಲಿದೆ, ಅದನ್ನೂ ನೋಡಿಕೊಳ್ಳಿ. ಗೋಡೆ ಮೇಲೆ ಇಂಗ್ಲಿಷಿನಲ್ಲಿ ಬರೆಸಿದರೆ ಪೋಷಕರು ನಗುತ್ತಾರೆ. ಅದರ ಬದಲು ನೀಲಕಂಠ ಇಡಿ, ಕರ್ನಾಟಕದ ರಾಜ್ಯ ಪಕ್ಷಿ.

ಪದ_ಕಟ್ಟುವವ

ಕನ್ನಡ ಶಾಲೆ ಅಲ್ವಾ, ಕನ್ನಡದಲ್ಲಿ ಬರೆಸಿದರೆ ಸಾಕು. ಮಿಂಚುಳ್ಳಿ ಅಂದಾಗ ಯಾರಿಗೂ ಬಾಟಲಿ ನೆನಪಾಗುವುದಿಲ್ಲ.

ನೀಲಕಂಠ ಒಳ್ಳೆಯ ಹಕ್ಕಿ, ತಾಳಕ್ಕೂ ಕೂರುತ್ತದೆ, ನೀಲ-ಕಂಠ ಅಂತ ಕುದುರೆ ಓಡಿದ ಹಾಗೆ. ಆದರೆ ಒಂದನೇ ತರಗತಿಯಲ್ಲಿ "ಠ" ಬರುವುದಿಲ್ಲ, "ನೀಲಕಂಟ" ಆಗುತ್ತದೆ. ಮಹಾಪ್ರಾಣ ಇರುವ ಹೆಸರುಗಳನ್ನೆಲ್ಲ ನಾನು ಬದಿಗಿಡುತ್ತೇನೆ. ಗಂಡಭೇರುಂಡ ಅಂತ ಒಬ್ಬರು ಪ್ರತಿ ಸಲವೂ ಹೇಳುತ್ತಾರೆ, ಅದೂ ಇದೇ ಕಾರಣಕ್ಕೆ ಬೇಡ. ಮಗು ತನ್ನ ತಂಡದ ಹೆಸರನ್ನು ತಪ್ಪು ಹೇಳಿದಾಗ ದೊಡ್ಡವರು ತಿದ್ದುತ್ತಲೇ ಇರುತ್ತಾರೆ, ಆಗ ಮಗು ಕೂಗುವುದನ್ನೇ ನಿಲ್ಲಿಸುತ್ತದೆ. ಶಿಬಿರಗಳಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ.

ರವಿ_ಮಂಡ್ಯ

ಹಾಗಾದರೆ ಹೊನ್ನಕ್ಕಿ? ನಮ್ಮ ಕಡೆ ಮಕ್ಕಳು "ಹ" ಎಲ್ಲಿ ಹೇಳುತ್ತಾರೆ? ಹಾಲು ಆಲಾಗುತ್ತದೆ, ಹಂಸ ಅಂಸವಾಗುತ್ತದೆ. ಒನ್ನಕ್ಕಿ ಅಂತಲೇ ಕೂಗುತ್ತಾರೆ.

ಪದ_ಕಟ್ಟುವವ

ಒಳ್ಳೆಯ ಪ್ರಶ್ನೆ. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಒನ್ನಕ್ಕಿ ಅಂದರೂ ಕೂಗು ಕೆಡುವುದಿಲ್ಲ, ಬೇರೆ ಯಾವ ತಂಡದ ಹೆಸರಿನ ಜೊತೆಗೂ ಕಲಸಿಕೊಳ್ಳುವುದಿಲ್ಲ, ತಿದ್ದದೆ ಬಿಟ್ಟರಾಯಿತು ಅಂತ ನನಗನ್ನಿಸುತ್ತದೆ. ಆದರೆ ನಾನು ಮೇಲೆ "ಠ" ಬಗ್ಗೆ ಹೇಳಿದ್ದಕ್ಕೂ ಇದೇ ಮಾತು ಅನ್ವಯಿಸುತ್ತದಲ್ಲ ಅಂತ ನೀವು ಕೇಳಬಹುದು. ಕೇಳಿದರೆ ತಪ್ಪಿಲ್ಲ.

ನವೋದಯದ_ಹುಡುಗ

ನಾನು ನವೋದಯದಲ್ಲಿ ಓದಿದವನು. ನಮ್ಮಲ್ಲಿ ದೇಶದ ಎಲ್ಲ ನವೋದಯಗಳಲ್ಲೂ ಇರುವ ಅದೇ ನಾಲ್ಕು ಹೆಸರು, ಅರಾವಳಿ, ನೀಲಗಿರಿ, ಶಿವಾಲಿಕ, ಉದಯಗಿರಿ. ಅರಾವಳಿಗೆ ನೀಲಿ, ನೀಲಗಿರಿಗೆ ಹಸಿರು. ನೋಡಿ, ಹೆಸರಿನಲ್ಲೇ ನೀಲಿ ಇರುವ ತಂಡಕ್ಕೆ ಹಸಿರು ಅಂಗಿ! ಆರನೇ ತರಗತಿಗೆ ಸೇರಿದ ಮೊದಲ ವಾರ ನಾನು ನೀಲಗಿರಿಯವನು, ಆದರೆ ಹೋಗಿ ನೀಲಿ ಸಾಲಿನಲ್ಲಿ ನಿಂತಿದ್ದೆ. ಹೆಸರು ಒಂದು ಬಣ್ಣ ಹೇಳಿ ಅಂಗಿ ಇನ್ನೊಂದು ಬಣ್ಣ ಹೇಳಬಾರದು. ಹೊನ್ನಕ್ಕಿಗೆ ಹಳದಿಯೇ ಇರಲಿ.

ಆದರೆ ಬಣ್ಣವನ್ನೇ ಹೆಸರು ಮಾಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಇಪ್ಪತ್ತು ವರ್ಷ ಆದ ಮೇಲೂ ನಾವು ಗೆಳೆಯರು ಸಿಕ್ಕಿದರೆ "ನೀನು ಯಾವ ಹೌಸ್, ನೀಲಗಿರಿಯಾ" ಅಂತ ಕೇಳುತ್ತೇವೆ. "ನೀನು ಹಸಿರಾ" ಅಂತ ಯಾರೂ ಕೇಳುವುದಿಲ್ಲ.

ಪೀಟಿ_ಸರ್

ನಿಮ್ಮದು ವಸತಿ ಶಾಲೆ ತಮ್ಮಾ. ನೀವು ಆ ಹೌಸ್‌ನಲ್ಲಿ ಮಲಗಿದಿರಿ, ಎದ್ದಿರಿ, ಬಟ್ಟೆ ಒಗೆದು ಒಣಗಿಸಿದಿರಿ, ಹಾಗಾಗಿ ಹೆಸರು ಮೈಗಂಟಿದೆ. ಮನೆಗೆ ಹೋಗಿ ಬರುವ ಮಕ್ಕಳ ಶಾಲೆಯಲ್ಲಿ ಹೌಸ್ ಅನ್ನುವುದು ಕ್ರೀಡಾಕೂಟದ ವಾರ ಎದ್ದು ಕೂರುತ್ತದೆ, ಆಮೇಲೆ ಮಲಗುತ್ತದೆ. ಆಗ ಹೆಸರು ಮರೆತು ಎಲ್ಲರೂ ಬಣ್ಣವನ್ನೇ ಹೇಳುತ್ತಾರೆ, ಶಿಕ್ಷಕರೂ ಸೇರಿ. ನಾನು ನೋಡಿದ ಮೂರು ಶಾಲೆಯಲ್ಲೂ ಹೀಗೇ ಆಗಿದೆ. ಮೇಷ್ಟ್ರು ಬಿಸಿಯೂಟದ ಸಾಲಿಗೂ ಇದನ್ನೇ ಬಳಸುತ್ತೇವೆ ಅಂದಿದ್ದಾರಲ್ಲ, ಅದು ಒಳ್ಳೆಯದು. "ಇವತ್ತು ಮೊದಲು ಮಿಂಚುಳ್ಳಿಯವರು ಬನ್ನಿ" ಅಂತ ದಿನಾ ಒಂದು ಸಲ ಕೂಗಿದರೆ ಹೆಸರು ಉಳಿಯುತ್ತದೆ.

ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ಕೆಲವು ಗಂಡುಮಕ್ಕಳಿಗೆ ಕೆಂಪು ಮತ್ತು ಹಸಿರು ಒಂದೇ ಥರ ಕಾಣುತ್ತದೆ. ರಿಲೇಯಲ್ಲಿ ಒಬ್ಬ ಹುಡುಗ ಬ್ಯಾಟನ್ ಒಯ್ದು ಬೇರೆ ತಂಡದವನ ಕೈಗೆ ಕೊಟ್ಟ, ನಾನು ಬೈದುಬಿಟ್ಟೆ. ಆಮೇಲೆ ಗೊತ್ತಾಯಿತು, ಆ ಮಗುವಿಗೆ ಎರಡೂ ಪಟ್ಟಿ ಒಂದೇ ಥರ ಕಾಣುತ್ತಿತ್ತು ಅಂತ. ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ. ಹಕ್ಕಿ ಹೆಸರಿದ್ದರೆ ಎದೆಯ ಮೇಲೆ ಹಕ್ಕಿಯ ಆಕಾರ ಹಾಕಬಹುದು, ಬಣ್ಣ ಕಾಣದವನಿಗೂ ಆಕಾರ ಕಾಣುತ್ತದೆ.

ಮಲೆನಾಡ_ಮೇಷ್ಟ್ರು

ಎಲ್ಲರಿಗೂ ಧನ್ಯವಾದ. ನಾಲ್ಕು ದಿನದಿಂದ ಇದನ್ನೆಲ್ಲ ಓದುತ್ತಿದ್ದೇನೆ. ಇವತ್ತು ಮೈದಾನದಲ್ಲಿ ಒಂದು ಪರೀಕ್ಷೆ ಮಾಡಿ ನೋಡಿದೆವು, ಅದರ ವಿಷಯ ಹೇಳುತ್ತೇನೆ.

ಒಂದು ತುದಿಯಲ್ಲಿ, ಹೊಂಗೆ ಮರದ ಕೆಳಗೆ, ಹತ್ತು ಮಕ್ಕಳನ್ನು ಬೆನ್ನು ತಿರುಗಿಸಿ ನಿಲ್ಲಿಸಿದೆವು. ಇನ್ನೊಂದು ತುದಿ ಸುಮಾರು 60 ಹೆಜ್ಜೆ ದೂರ. ಅಲ್ಲಿಂದ ಇಪ್ಪತ್ತು ಮಕ್ಕಳು ಒಟ್ಟಿಗೆ ಒಂದು ಹೆಸರು ಕೂಗುವುದು, ಇವರು ಕೇಳಿದ್ದಕ್ಕೆ ತಕ್ಕ ಹಾಗೆ ಬೆರಳು ಎತ್ತುವುದು, ಒಂದನೇ ಹೆಸರಿಗೆ ಒಂದು ಬೆರಳು ಹೀಗೆ. ಹಕ್ಕಿನೋಟ ಅವರ ಪಟ್ಟಿಯಿಂದ ಮಿಂಚುಳ್ಳಿ, ಹೊನ್ನಕ್ಕಿ, ಬೆಳ್ಳಕ್ಕಿ ಇಟ್ಟುಕೊಂಡೆವು, ನಾಲ್ಕನೆಯದು ಗಿಳಿ.

ಮಿಂಚುಳ್ಳಿಗೆ ಹತ್ತೂ ಮಕ್ಕಳು ಸರಿಯಾಗಿ ಬೆರಳು ಎತ್ತಿದರು. ಗಿಳಿಗೂ ಸರಿ ಹೇಳಿದರು, ಆದರೆ ಕೂಗು ಮುಗಿದ ಮೇಲೆ ತಡವಾಗಿ, ಅದೂ ಉಳಿದ ಮೂರಲ್ಲ ಅನ್ನುವ ಲೆಕ್ಕದಲ್ಲಿ. ತೊಂದರೆ ಆದದ್ದು ಹೊನ್ನಕ್ಕಿ, ಬೆಳ್ಳಕ್ಕಿಗೆ. ಗಾಳಿಗೆ ಮೊದಲ ಅಕ್ಷರ ಹಾರಿ ಹೋಗಿ ಎರಡೂ "ಅಕ್ಕಿ, ಅಕ್ಕಿ" ಅಂತಲೇ ಕೇಳಿಸಿತು. ಅರ್ಧ ಮಕ್ಕಳು ಎರಡು ಬೆರಳು, ಅರ್ಧ ಮಕ್ಕಳು ಮೂರು ಬೆರಳು. ಅಷ್ಟರಲ್ಲಿ ಅಡುಗೆಯ ಅಕ್ಕ ಹೊರಗೆ ಬಂದು ಅಕ್ಕಿ ಯಾಕೆ ಅಂತ ಕೇಳಿದರು. ಒಂದೇ ತಾಳ ಇದ್ದರೆ ಒಳ್ಳೆಯದು, ಆದರೆ ಕೊನೆ ಒಂದೇ ಇರಬಾರದು ಅಂತ ಗೊತ್ತಾಯಿತು.

ಬೆಳ್ಳಕ್ಕಿ ಬಿಟ್ಟೆವು. ಬಿಳಿ ಬಾವುಟ ನಮ್ಮ ಕೆಂಪು ಮಣ್ಣಿನಲ್ಲಿ ಒಂದು ಮಳೆಗೂ ಉಳಿಯುವುದಿಲ್ಲ, ಅದೂ ಒಂದು ಕಾರಣ. ಈಗ ಕೆಂಪಿಗೂ ಹಸಿರಿಗೂ ಹಕ್ಕಿ ಬೇಕು. ಹಸಿರಿಗೆ ಗಿಳಿಗಿಂತ ಒಳ್ಳೆಯದು ಇದೆಯಾ?

ಹಕ್ಕಿನೋಟ_ಸಾಗರ

ಎಷ್ಟು ಒಳ್ಳೆಯ ಪರೀಕ್ಷೆ! ಕೆಂಪಿಗೆ ಪಿಕಳಾರ ಇಡಿ. ನಿಮ್ಮ ಶಾಲೆಯ ಬೇಲಿಯ ಮೇಲೆ ಜುಟ್ಟು ಇಟ್ಟುಕೊಂಡು ಕೂರುತ್ತದಲ್ಲ, ಕೆನ್ನೆಯ ಮೇಲೆ ಕೆಂಪು ಚುಕ್ಕೆ, ಅದೇ ಕೆಮ್ಮೀಸೆ ಪಿಕಳಾರ. ಮೈಯೆಲ್ಲ ಕೆಂಪು ಅಲ್ಲ, ಆದರೆ ಜುಟ್ಟಿನ ಆಕಾರ ಎಷ್ಟು ಸ್ಪಷ್ಟ ಅಂದರೆ ಪೀಟಿ ಸರ್ ಹೇಳಿದ ಬ್ಯಾಡ್ಜಿಗೆ ಇದಕ್ಕಿಂತ ಒಳ್ಳೆಯ ಹಕ್ಕಿ ಸಿಗುವುದಿಲ್ಲ. ಒಂದು ವಿಷಯ ಮಕ್ಕಳಿಗೆ ಮೊದಲೇ ಹೇಳಿಡಿ, ಮರಿ ಹಕ್ಕಿಗೆ ಕೆನ್ನೆಯ ಕೆಂಪು ಇರುವುದಿಲ್ಲ, ಬೆಳೆದ ಮೇಲೆ ಬರುತ್ತದೆ. ಇಲ್ಲದಿದ್ದರೆ ಇದು ನಮ್ಮ ಹಕ್ಕಿ ಅಲ್ಲ ಅಂತ ಜಗಳ ಮಾಡುತ್ತಾರೆ.

ಹಸಿರಿಗೆ ಕುಟ್ರು. ಮಲೆನಾಡಿನವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಎಲೆಯ ಮಧ್ಯೆ ಕೂತರೆ ಕಣ್ಣಿಗೆ ಕಾಣುವುದಿಲ್ಲ, ಆದರೆ ಬೇಸಿಗೆಯಲ್ಲಿ ದಿನವಿಡೀ "ಕುಟ್ರೂ ಕುಟ್ರೂ" ಅಂತ ಅದೇ ಕೂಗುತ್ತಿರುತ್ತದೆ. ಒಂದು ಕಡೆ ಒಂದು ಹಕ್ಕಿ ಶುರು ಮಾಡಿದರೆ ಇನ್ನೊಂದು ಕಡೆಯಿಂದ ಇನ್ನೊಂದು ಉತ್ತರ ಕೊಡುತ್ತದೆ. ಹಕ್ಕಿಯೇ ಕೂಗು ಕಟ್ಟಿಕೊಟ್ಟಿದೆ.

ಪದ_ಕಟ್ಟುವವ

ಪಿಕಳಾರ ತುಂಬಾ ಚೆನ್ನಾಗಿದೆ. ಪಿಕ-ಳಾ-ರ, ನಡುವೆ "ಳಾ" ದೀರ್ಘ ಇರುವುದರಿಂದ ಬಾಯಿ ಪೂರ್ತಿ ತೆರೆಯುತ್ತದೆ. ಬಾಯಿ ತೆರೆದರೆ ದನಿ ದೂರ ಹೋಗುತ್ತದೆ. ಅಳತೆಯೂ ಮಿಂಚುಳ್ಳಿ, ಹೊನ್ನಕ್ಕಿಯಷ್ಟೇ ಬರುತ್ತದೆ.

ರಾತ್ರಿ ಕೂತು ನಾಲ್ಕು ಕೂಗು ಕಟ್ಟಿದೆ. ನಾಲ್ಕೂ ಒಂದೇ ಧಾಟಿ, ಮೊದಲ ಸಾಲು ನಾಯಕ, ಎರಡನೆಯ ಸಾಲು ತಂಡ.

ಮಿಂಚು ಮಿಂಚು ಮಿಂಚುಳ್ಳಿ,
ಮೀನು ಸಿಕ್ತು ಬಾಯಲ್ಲಿ!

ಹೊನ್ನು ಹೊನ್ನು ಹೊನ್ನಕ್ಕಿ,
ಬಂತು ನೋಡು ಬಿಸಿಲುಕ್ಕಿ!

ಪಿಕ್ಕ ಪಿಕ್ಕ ಪಿಕಳಾರ,
ಜುಟ್ಟು ಬಿಟ್ಟ ಸರದಾರ!

ಕುಟ್ರು ಕುಟ್ರು ಕುಟ್ರೂರು,
ಕಾಡಿನಲ್ಲಿ ನಮ್ಮೂರು!

ಪ್ರತಿ ಸಾಲಿಗೂ ನಾಲ್ಕು ಚಪ್ಪಾಳೆ. ಮಿಂಚು, ಮಿಂಚು, ಎರಡಕ್ಕೆ ಒಂದೊಂದು, ಕೊನೆಯ ಪೂರ್ತಿ ಹೆಸರಿಗೆ ಎರಡು. ಎದುರಾಳಿಯನ್ನು ಹೀಯಾಳಿಸುವ ಮಾತು ಎಲ್ಲೂ ಹಾಕಿಲ್ಲ, ಬೇಕಂತಲೇ ಬಿಟ್ಟಿದ್ದೇನೆ. ಸೋತ ದಿನವೂ ಇದೇ ಕೂಗನ್ನು ಕೂಗುತ್ತಾ ಮನೆಗೆ ಹೋಗಲು ಆಗಬೇಕು.

ಕೊಪ್ಪದ_ಅಮ್ಮ

ನನ್ನ ಮಗಳಿಗೆ ಓದಿ ಹೇಳಿದೆ, ಒಂದೇ ಸಲಕ್ಕೆ ಪಿಕಳಾರದ್ದು ಬಾಯಿಪಾಠ. ಆದರೆ "ಸರದಾರ" ಅಂದರೆ ಗಂಡು, ನಮ್ಮ ತಂಡದಲ್ಲಿ ಹುಡುಗಿಯರೂ ಇರುತ್ತಾರಲ್ಲ ಅಂತ ಕೇಳಿದಳು. ನನಗೆ ಉತ್ತರ ಗೊತ್ತಾಗಲಿಲ್ಲ.

ಪದ_ಕಟ್ಟುವವ

ಮಗಳು ಕೇಳಿದ್ದು ನ್ಯಾಯ. "ಜುಟ್ಟು ನೋಡು ಜರತಾರ" ಅಂದರೆ ಹೇಗೆ? ಜರತಾರಿ ಅಂತ ಬರಬೇಕು, ಪ್ರಾಸಕ್ಕೆ ಎಳೆದ ಹಾಗೆ ಆಗುತ್ತದೆ. ಇನ್ನೂ ಯೋಚಿಸುತ್ತೇನೆ. ಮಕ್ಕಳೇ ಬದಲಾಯಿಸಿದರೆ ಇನ್ನೂ ಒಳ್ಳೆಯದು, ಏಳನೇ ತರಗತಿಯವರಿಗೆ ಬಿಡಿ ಮೇಷ್ಟ್ರೇ.

ಹಕ್ಕಿನೋಟ_ಸಾಗರ

ಒಂದು ಸಣ್ಣ ತಕರಾರು. ಶಾಲೆಯ ತಂತಿಯ ಮೇಲೆ ಕೂರುವ ಬಿಳಿ ಎದೆಯ ಮಿಂಚುಳ್ಳಿ ನೀರಿನಿಂದ ದೂರದಲ್ಲೂ ಇರುತ್ತದೆ, ಮಿಡತೆ, ಓತಿಕ್ಯಾತ ಎಲ್ಲ ಹಿಡಿಯುತ್ತದೆ. ಮೀನೊಂದೇ ಅಲ್ಲ. ಕೂಗು ಹಾಗೇ ಇರಲಿ, ಆದರೆ ಮಕ್ಕಳು ಅದನ್ನು ನೋಡುವ ದಿನ ಈ ಮಾತನ್ನು ಹೇಳಿ.

ರವಿ_ಮಂಡ್ಯ

ಕುಟ್ರು ಅಂದರೆ ನಮ್ಮ ಕಡೆ ಯಾರಿಗೂ ಗೊತ್ತಿಲ್ಲ. ಹೊರಗಿನಿಂದ ಬಂದ ಅಧಿಕಾರಿಗಳು ಬೋರ್ಡ್ ನೋಡಿ ಇದೇನು ಅಂತ ಕೇಳುತ್ತಾರೆ. ಗಿಳಿ ಅಂದರೆ ರಾಜ್ಯಕ್ಕೆಲ್ಲ ಗೊತ್ತು. ಬೇಕಾದರೆ "ಅರಗಿಳಿ" ಅಂತ ಮಾಡಿ, ಗಿಡ್ಡ ಆಯಿತು ಅನ್ನುವ ತೊಂದರೆ ಹೋಗುತ್ತದೆ.

ಶಾರದಾ_ಟೀಚರ್

ಅಧಿಕಾರಿಗಳು ಕೇಳಿದರೆ ಮಕ್ಕಳೇ ಹೇಳುತ್ತಾರೆ, ಅದಕ್ಕಿಂತ ಒಳ್ಳೆಯ ಪಾಠ ಯಾವುದು. ಆದರೆ ನನಗೆ ಬೇರೆ ಅಳುಕು ಇದೆ. ಉಳಿದ ಮೂರು ತಂಡದವರು ತಮ್ಮ ಹಕ್ಕಿಯನ್ನು ತಂತಿಯ ಮೇಲೆ, ಬೇಲಿಯ ಮೇಲೆ ನೋಡುತ್ತಾರೆ. ಕುಟ್ರು ತಂಡದ ಚಿಕ್ಕ ಮಕ್ಕಳು "ನಮ್ಮ ಹಕ್ಕಿ ಎಲ್ಲಿ ಟೀಚರ್" ಅಂತ ಕೇಳಿದರೆ ಏನು ತೋರಿಸುವುದು? ಕೇಳುವ ಹಕ್ಕಿಗೂ ನೋಡುವ ಹಕ್ಕಿಗೂ ಆರು ವರ್ಷದ ಮಗುವಿಗೆ ತುಂಬಾ ವ್ಯತ್ಯಾಸ ಇದೆ. ಮಳೆಗಾಲದಲ್ಲಿ ಅದರ ಕೂಗೂ ಕಡಿಮೆ.

ಹಕ್ಕಿನೋಟ_ಸಾಗರ

ಹಣ್ಣು ಬಿಟ್ಟ ಆಲದ ಮರ, ಬಸರಿ ಮರ ಹತ್ತಿರದಲ್ಲಿದ್ದರೆ ಬೆಳಿಗ್ಗೆ ಹೊತ್ತು ತೋರಿಸಬಹುದು ಮೇಡಂ, ಹಣ್ಣು ತಿನ್ನಲು ಖಂಡಿತ ಬರುತ್ತದೆ. ಆದರೆ ಪ್ರತಿದಿನ ಕಾಣುತ್ತದೆ ಅಂತ ನಾನು ಹೇಳಲಾರೆ.

ಪೀಟಿ_ಸರ್

ಹಂಚುವ ವಿಷಯ ಯಾರೂ ಮಾತಾಡಿಲ್ಲ. ಅಣ್ಣ ತಂಗಿಯರನ್ನು ಒಂದೇ ತಂಡಕ್ಕೆ ಹಾಕಿ. ಮನೆಯಲ್ಲಿ ಒಂದೇ ಬಣ್ಣದ ಟೀ ಶರ್ಟ್ ಅಣ್ಣನಿಂದ ತಂಗಿಗೆ ಬರುತ್ತದೆ, ಪೋಷಕರಿಗೆ ಎರಡು ಖರ್ಚು ಇಲ್ಲ. ಮತ್ತೆ ಪ್ರತಿ ತರಗತಿಯಿಂದಲೂ ನಾಲ್ಕು ತಂಡಕ್ಕೂ ಮಕ್ಕಳು ಬರಬೇಕು, ಇಲ್ಲದಿದ್ದರೆ ಏಳನೇ ತರಗತಿಯವರು ಜಾಸ್ತಿ ಇರುವ ತಂಡವೇ ಪ್ರತಿ ಸಲ ಗೆಲ್ಲುತ್ತದೆ, ಆಗ ಎಷ್ಟು ಚೆಂದದ ಹೆಸರಿದ್ದರೂ ಕೂಗುವುದಕ್ಕೆ ಮಕ್ಕಳಿಗೆ ಮನಸ್ಸು ಬರುವುದಿಲ್ಲ.

ಮಲೆನಾಡ_ಮೇಷ್ಟ್ರು

ಸರ್, ಹಂಚಿಕೆ ನೀವು ಹೇಳಿದ ಹಾಗೇ ಮಾಡುತ್ತೇವೆ.

ಇವತ್ತು ಮಧ್ಯಾಹ್ನ ಹೊಸ ನಾಲ್ಕು ಹೆಸರಿಗೆ ಮತ್ತೆ ಅದೇ ಮರದ ಕೆಳಗೆ ಬೆರಳಿನ ಪರೀಕ್ಷೆ ಮಾಡಿದೆವು. ಮಿಂಚುಳ್ಳಿ, ಹೊನ್ನಕ್ಕಿ, ಪಿಕಳಾರ ಮೂರೂ ಸರಿ. ಕುಟ್ರು ಒಂದು ಸಲ ಕೂಗಿದಾಗ ಕೆಲವರಿಗೆ ಕೇಳಲಿಲ್ಲ, ಹಕ್ಕಿಯ ಹಾಗೆ "ಕುಟ್ರೂ ಕುಟ್ರೂ ಕುಟ್ರೂ" ಅಂತ ಎಳೆದು ಕೂಗಿದಾಗ ಹತ್ತೂ ಮಕ್ಕಳು ಬೆರಳು ಎತ್ತಿದರು. ನಾಲ್ಕನೇ ತರಗತಿಯ ಒಬ್ಬ ಹುಡುಗ, ಕಾಫಿ ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದ ಮನೆಯವನು, ಕನ್ನಡ ಇನ್ನೂ ಅಷ್ಟಾಗಿ ಬರುವುದಿಲ್ಲ, ಅವನು ಎಲ್ಲರಿಗಿಂತ ಜೋರಾಗಿ ಕುಟ್ರೂ ಅಂತ ಕೂಗುತ್ತಿದ್ದ.

ಮೂರು ಹೆಸರು ನಿಶ್ಚಯ ಮಾಡಿದ್ದೇವೆ. ಹಸಿರು ತಂಡದ್ದು ಶಾರದಾ ಮೇಡಂ ಹೇಳಿದ ಕಾರಣಕ್ಕೆ ಬಾಕಿ ಇಟ್ಟಿದ್ದೇವೆ. ಶನಿವಾರ ಬೆಳಿಗ್ಗೆ ಚಿಕ್ಕ ಮಕ್ಕಳನ್ನು ದೇವಸ್ಥಾನದ ಹಿಂದಿನ ಆಲದ ಮರದ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಹಕ್ಕಿ ಕಂಡರೆ ಕುಟ್ರು, ಕಾಣದಿದ್ದರೆ ಅರಗಿಳಿ ಅಂತ ಮಕ್ಕಳೇ ಒಪ್ಪಂದ ಮಾಡಿಕೊಂಡಿದ್ದಾರೆ. ಹಕ್ಕಿನೋಟ ಸರ್, ಎಷ್ಟು ಗಂಟೆಗೆ ಹೋದರೆ ಒಳ್ಳೆಯದು?

ಹಕ್ಕಿನೋಟ_ಸಾಗರ

ಏಳು ಗಂಟೆಯೊಳಗೆ ಅಲ್ಲಿರಿ. ಮರದ ಬುಡಕ್ಕೆ ಹೋಗಬೇಡಿ, ಸ್ವಲ್ಪ ದೂರದಲ್ಲಿ ಬಿಸಿಲು ಬೆನ್ನಿಗೆ ಬೀಳುವ ಹಾಗೆ ಕೂರಿಸಿ. ಹಣ್ಣು ಅಲುಗಾಡುವ ಕೊಂಬೆ ನೋಡಲು ಹೇಳಿ, ಹಸಿರು ಹಕ್ಕಿ ಹುಡುಕಲು ಹೇಳಬೇಡಿ.

ಕೊಪ್ಪದ_ಅಮ್ಮ

ಮೇಷ್ಟ್ರೇ, ಶನಿವಾರ ಏನಾಯಿತು ಅಂತ ಮರೆಯದೆ ಬರೆಯಿರಿ. ಮಗಳು ಕೇಳುತ್ತಿದ್ದಾಳೆ.